ಮುಖ ನೋಡಿ ಮಣೆ

ರಾಜಾಜಿನಗರದ ನನ್ನ ಹಳೆಯ ವಿದ್ಯಾರ್ಥಿನಿ ಹೋಟೆಲೊಂದರ ರಿಸೆಪ್ಷನ್ ಕೆಲಸಕ್ಕೆ ಹೋಗಿ ಎರಡೇ ನಿಮಿಷಕ್ಕೆ ಹೊರಬಂದಳಂತೆ. ‘ಏನೂ ಕೇಳಲಿಲ್ಲ ಮಿಸ್, ಬರೀ ನೋಡಿದರು’ ಅಂದಳು.

ಏರ್ ಇಂಡಿಯಾದ ನರ್ಗೀಶ್ ಮಿರ್ಜಾ ಮೊಕದ್ದಮೆ ನೆನಪಾಯಿತು. ಆಗ ಗಗನಸಖಿಗೆ 35ಕ್ಕೇ ನಿವೃತ್ತಿ. ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೆ ಮೊದಲ ಬಸಿರಿಗೇ, ಕೆಲಸ ಹೋಗುತ್ತಿತ್ತು. ಅದೇ ವಿಮಾನದಲ್ಲಿ ದುಡಿವ ಗಂಡಸಿಗೆ ಮಾತ್ರ 58ರವರೆಗೆ ನೌಕರಿ! 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ಹೊಡೆದುಹಾಕಿತು, ಮದುವೆಯದನ್ನು ಉಳಿಸಿತು. ಗಂಡಸರದು ಬೇರೆಯೇ ವರ್ಗವೆಂಬ ವಾದವನ್ನು ಒಪ್ಪಿತು. ನಾನು ಒಪ್ಪಲಾರೆ, ಬೇರೆ ಮಾಡಿದ್ದೇ ಕಂಪನಿ ತಾನೆ?

ಅಚ್ಚುಕಟ್ಟು ಬೇಕೆನ್ನಲಿ, ಸರಿ. ಸೀರೆಯ ನೆರಿಗೆ, ಮಾತಿನ ನಯ ಕಲಿಯಬಹುದು. ಮೂಗನ್ನು ಕಲಿಯಲಾದೀತೆ?

ಹುಡುಗಿ ಈಗ ವಿಜಯನಗರದ ಆಸ್ಪತ್ರೆಯೊಂದರ ಕೌಂಟರಿನಲ್ಲಿದ್ದಾಳೆ. ಅಲ್ಲಿಗೆ ಬಂದವರಿಗೆ ಅವಳ ಮುಖ ನೋಡಲು ಪುರುಸೊತ್ತಿಲ್ಲ.