ಬಲ್ಬು ಉರಿದರೆ ಅರ್ಥ್ ಸರಿಯೆ?

ಹೊಸ ಮನೆಯ ವೈರಿಂಗ್ ಮುಗಿದ ಮೇಲೆ ನಮ್ಮ ಕಡೆ ಒಂದು ಪರೀಕ್ಷೆ ನಡೆಯುವುದುಂಟು. ಹೋಲ್ಡರಿಗೆ 100 ವ್ಯಾಟಿನ ಬಲ್ಬು ಹಾಕಿ, ಒಂದು ತಂತಿಯನ್ನು ಸಾಕೆಟ್ಟಿನ ಫೇಸಿಗೂ ಇನ್ನೊಂದನ್ನು ಮೇಲಿನ ದಪ್ಪ ತೂತಿಗೂ ಕೊಡುತ್ತಾರೆ. ಬಲ್ಬು ಝಗ್ಗನೆ ಹೊತ್ತಿಕೊಂಡರೆ ‘ಅರ್ಥ್ ಚೆನ್ನಾಗಿದೆ ಸಾರ್’ ಎಂದು ತೀರ್ಪಾಗುತ್ತದೆ. ಮನೆಯವರು ನೆಮ್ಮದಿಯಿಂದ ಬಾಕಿ ಹಣ ಕೊಡುತ್ತಾರೆ. ಈ ಪರೀಕ್ಷೆ ಪೂರ್ತಿ ಸುಳ್ಳಲ್ಲ. ಅರ್ಥ್ ತಂತಿ ಎಲ್ಲೋ ತುಂಡಾಗಿದ್ದರೆ ಬಲ್ಬು ಉರಿಯುವುದಿಲ್ಲ, ಅಷ್ಟು ಗೊತ್ತಾಗುತ್ತದೆ. ಆದರೆ ಗೀಸರ್ ಕೆಟ್ಟ ದಿನ ಆ ಅರ್ಥ್ ಮನೆಯವರನ್ನು ಉಳಿಸುತ್ತದೆಯೇ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ. ಇದೆ ಎಂದು ನಂಬಿದ್ದರಿಂದಲೇ ನಮ್ಮ ಮನೆಗಳ ವೈರಿಂಗ್ ಅರ್ಧಕ್ಕೆ ನಿಂತಿದೆ ಎಂಬುದು ನನ್ನ ತಕರಾರು.

ಸ್ವಲ್ಪ ಲೆಕ್ಕ ಹಾಕೋಣ. 100 ವ್ಯಾಟಿನ ಉರಿಯುವ ಬಲ್ಬಿನ ರೋಧ ಸುಮಾರು 530 ಓಮ್. ಅದರ ದಾರಿಯಲ್ಲಿ ನೆಲದ ರೋಧ 30 ಓಮ್ ಸೇರಿಕೊಂಡರೂ ಬಲ್ಬಿಗೆ ಸಿಗುವ ವೋಲ್ಟೇಜ್ 230ರಿಂದ 217ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ. ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಈಗಿನವರು ಎಲ್‌ಇಡಿ ಬಲ್ಬಿನಲ್ಲೇ ನೋಡುತ್ತಾರೆ. ಅದಕ್ಕೆ ಬೇಕಾದ ಕರೆಂಟು ಎಷ್ಟು ಅಲ್ಪವೆಂದರೆ ನೂರಾರು ಓಮ್ ರೋಧವಿದ್ದರೂ ಅದು ಬೆಳಗುತ್ತದೆ.

ಹಾಗಾದರೆ ನಿಜವಾದ ಅರ್ಥ್ ಗುಂಡಿಯೊಂದರ ರೋಧ ಎಷ್ಟಿರುತ್ತದೆ? ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ದಪ್ಪದ ಜಿಐ ಪೈಪನ್ನು ಸಾಧಾರಣ ತೇವದ ಮಣ್ಣಿನಲ್ಲಿ ಇಳಿಸಿದರೆ ಲೆಕ್ಕದ ಪ್ರಕಾರ ಸುಮಾರು 33 ಓಮ್ ಬರುತ್ತದೆ. ಇದ್ದಿಲು, ಉಪ್ಪು ಹಾಕಿದರೆ ಇದು ಇಳಿಯುತ್ತದೆ, ನಿಜ. ಆದರೆ ಉಪ್ಪು ಮಳೆಗಾಲದಲ್ಲಿ ಕರಗಿ ಹೋಗುತ್ತದೆ. ಹೋಗುವ ಮುಂಚೆ ಪೈಪಿಗೆ ತುಕ್ಕನ್ನೂ ಹಿಡಿಸುತ್ತದೆ. ಚಿತ್ರದುರ್ಗದ ಕಲ್ಲುನೆಲದಲ್ಲೋ ಕರಾವಳಿಯ ಒಣಗಿದ ಜಂಬಿಟ್ಟಿಗೆ ನೆಲದಲ್ಲೋ ಅದೇ ಪೈಪು ನೂರು ಓಮ್ ದಾಟಿದರೆ ಅಚ್ಚರಿಯಿಲ್ಲ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ.

ಈಗ ಬಚ್ಚಲುಮನೆಗೆ ಬರೋಣ. ಗೀಸರ್ ಒಳಗೆ ಫೇಸ್ ತಂತಿ ಸಡಿಲಾಗಿ ತೊಟ್ಟಿಯ ಲೋಹಕ್ಕೆ ತಾಗಿದೆ ಎಂದುಕೊಳ್ಳಿ. ಕಂಬದಿಂದ ಮನೆಗೆ ಬರುವುದು ಫೇಸ್ ಮತ್ತು ನ್ಯೂಟ್ರಲ್ ಎರಡೇ ತಂತಿ. ಅರ್ಥ್ ನಮ್ಮದೇ ಗುಂಡಿಯಿಂದ ಬಂದದ್ದು. ಹೀಗಾಗಿ ಸೋರಿದ ಕರೆಂಟು ಗೀಸರಿನಿಂದ ಅರ್ಥ್ ತಂತಿಗೆ, ಅಲ್ಲಿಂದ ನಮ್ಮ ಗುಂಡಿಗೆ, ಆಮೇಲೆ ಮಣ್ಣಿನ ಮೂಲಕ ಟ್ರಾನ್ಸ್‌ಫಾರ್ಮರಿನ ಗುಂಡಿಗೆ ಹೋಗಿ ಸೇರಬೇಕು. ನಮ್ಮದು 33 ಓಮ್, ಅಲ್ಲಿಯದು 2 ಓಮ್ ಎಂದರೆ ಒಟ್ಟು 35. ಆಗ 230 ವೋಲ್ಟಿಗೆ ಹರಿಯುವುದು ಆರೂವರೆ ಆಂಪ್.

ಗೀಸರಿಗೆ ಹಾಕಿರುವುದು ಸಿ ಮಾದರಿಯ 16 ಆಂಪ್ ಎಂಸಿಬಿ. ಅದು ತಟ್ಟನೆ ಬೀಳಬೇಕಾದರೆ ಅದರ ಅಂಕಿಯ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪ್ ಹರಿಯಬೇಕು. ಆರೂವರೆ ಆಂಪ್ ಅದಕ್ಕೆ ಲೆಕ್ಕಕ್ಕೇ ಇಲ್ಲ. 2 ಕಿಲೋವ್ಯಾಟಿನ ಗೀಸರ್ ದಿನವೂ ಎಳೆಯುವುದೇ 8.7 ಆಂಪ್. ಎಂಸಿಬಿಯ ಪಾಲಿಗೆ ಇಲ್ಲಿ ಏನೂ ನಡೆದಿಲ್ಲ. ಗೀಸರಿನ ಮೈ ಮಾತ್ರ 217 ವೋಲ್ಟಿನಲ್ಲಿ ನಿಂತಿದೆ. ಇನ್ನೂ ಕೆಟ್ಟ ಸಂಗತಿಯೊಂದಿದೆ. ಅರ್ಥ್ ತಂತಿ ಎಲ್ಲ ಸಾಕೆಟ್ಟುಗಳಿಗೂ ಒಂದೇ ಆದ್ದರಿಂದ ಫ್ರಿಜ್ಜು, ವಾಷಿಂಗ್ ಮಷಿನ್‌ಗಳ ಮೈಗೂ ಅದೇ ವೋಲ್ಟೇಜ್ ಹಂಚಿಹೋಗುತ್ತದೆ. ‘ಅರ್ಥಿಂಗ್ ಇದ್ದೂ ಶಾಕ್ ಹೊಡೆಯುತ್ತದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಗುಂಡಿಯನ್ನೇ ಸುಧಾರಿಸಿ ಇದನ್ನು ಗೆಲ್ಲಬಹುದೇ? 160 ಆಂಪ್ ಹರಿಯಬೇಕೆಂದರೆ ಇಡೀ ದಾರಿಯ ರೋಧ 1.4 ಓಮಿಗೆ ಇಳಿಯಬೇಕು. ಟ್ರಾನ್ಸ್‌ಫಾರ್ಮರಿನ 2 ಓಮ್ ಇರುವಾಗ ನಮ್ಮ ಅಂಗಳದಲ್ಲಿ ಎಷ್ಟು ಅಗೆದರೂ ಅದು ಆಗದ ಮಾತು. ದುಬಾರಿ ತಾಮ್ರದ ಪ್ಲೇಟು, ಕೆಮಿಕಲ್ ಅರ್ಥಿಂಗ್ ಎಂದು ಮಾರುವವರು ಈ ಲೆಕ್ಕವನ್ನು ಗಿರಾಕಿಗೆ ಹೇಳುವುದು ಕಡಿಮೆ.

ಇಲ್ಲಿ ಬೇಕಾದದ್ದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ಅದು ಸದಾ ತಾಳೆ ನೋಡುತ್ತಿರುತ್ತದೆ. ಮನೆಗಳಿಗೆ ಹಾಕುವ 30 ಮಿಲಿಆಂಪಿನದಾದರೆ ಅಷ್ಟು ವ್ಯತ್ಯಾಸ ಬರುವುದರೊಳಗೆ ಬೀಳಲೇಬೇಕು. ನಮ್ಮ ಗೀಸರಿನ ಸೋರಿಕೆ ಆರೂವರೆ ಆಂಪ್, ಅಂದರೆ ಅದರ ಇನ್ನೂರು ಪಟ್ಟು. ಕ್ಷಣಾರ್ಧದಲ್ಲಿ ಲೈನು ಕಡಿದುಹೋಗುತ್ತದೆ. ನೂರು ಓಮಿನ ಬಡಪಾಯಿ ಗುಂಡಿಯಾದರೂ ಇದಕ್ಕೆ ಸಾಲುತ್ತದೆ. ಆಗ ಅರ್ಥ್ ಬೇಡವೇ ಎಂದರೆ, ಬೇಕು. ಅರ್ಥ್ ಇದ್ದರೆ ಗೀಸರ್ ಕೆಟ್ಟ ಕ್ಷಣವೇ ಲೈನು ಹೋಗುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ, ಆ ಸೋರಿಕೆ ಹರಿಯುವುದು ಅವರ ಮೈಯಲ್ಲಿ. ಆರ್‌ಸಿಸಿಬಿ ಇರುವ ಮನೆಯಲ್ಲಿ ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬು ಕೊಟ್ಟರೆ ಅದು ಉರಿಯಲೇ ಕೂಡದು, ಬ್ರೇಕರ್ ಬೀಳಬೇಕು. ಆಗ ಮಾತ್ರ ಬಲ್ಬಿನ ಪರೀಕ್ಷೆಗೆ ಒಂದಿಷ್ಟು ಬೆಲೆ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತುವುದೂ ಒಳ್ಳೆಯದೇ. ಆದರೆ ಅದು ತೋರಿಸುವುದು ಬ್ರೇಕರಿನ ಯಂತ್ರ ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ, ಹಿತ್ತಲಿನ ಗುಂಡಿಯ ಆರೋಗ್ಯವನ್ನಲ್ಲ.

ಹಾಗಾದರೆ ಎಂಸಿಬಿ ಯಾಕೆ? ಅದು ಇರುವುದು ಗೋಡೆಯೊಳಗಿನ ತಂತಿಗಾಗಿ. ಆರ್‌ಸಿಸಿಬಿ ಓವರ್‌ಲೋಡನ್ನು ನೋಡುವುದಿಲ್ಲ, ಆದ್ದರಿಂದ ಎರಡೂ ಬೇಕು. ಎಂಸಿಬಿ ಆರಿಸುವಾಗ ಕೇಳಬೇಕಾದದ್ದು ಗೀಸರ್ ಎಷ್ಟು ದೊಡ್ಡದು ಎಂದಷ್ಟೇ ಅಲ್ಲ, ಪೈಪಿನೊಳಗಿನ ತಂತಿ ಎಷ್ಟು ತಡೆಯುತ್ತದೆ ಎಂದು. ಗೋಡೆಯ ಪೈಪಿನಲ್ಲಿ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸುಮಾರು 20 ಆಂಪ್ ತಡೆದೀತು. ಹಾಗಾಗಿ ಅದಕ್ಕೆ 16. ಲೈಟು, ಫ್ಯಾನಿನ 1.5ರ ತಂತಿಗೆ 6 ಅಥವಾ 10.

ಕೆಡುವುದು ಎಲ್ಲಿ ಎಂದರೆ, ಅಡುಗೆಮನೆಯ ಪಾಯಿಂಟನ್ನು ಗೀಸರ್ ಲೈನಿಗೇ ಸೇರಿಸಿದಲ್ಲಿ. ಗೀಸರ್ 2000 ವ್ಯಾಟ್, ಇಂಡಕ್ಷನ್ ಒಲೆ 2000, ನೀರು ಕಾಯಿಸುವ ಕೆಟಲ್ 1500. ಒಟ್ಟಿಗೆ ಹಾಕಿದರೆ 24 ಆಂಪ್. 16ರ ಎಂಸಿಬಿ ಬೀಳುತ್ತದೆ, ಬೀಳಬೇಕಾದದ್ದೇ. ‘ಪದೇ ಪದೇ ಟ್ರಿಪ್ ಆಗ್ತದೆ’ ಎಂದು ಮನೆಯವರು ಗೊಣಗುತ್ತಾರೆ, ಬಂದವರು 32 ಹಾಕಿ ಹೋಗುತ್ತಾರೆ. ಆಮೇಲೆ ಟ್ರಿಪ್ ಇಲ್ಲ. 32ರ ಎಂಸಿಬಿ 36 ಆಂಪಿನಲ್ಲಿ ಒಂದು ಗಂಟೆ ಕದಲದೆ ನಿಲ್ಲಲೇಬೇಕೆಂದು ಅದರ ಮಾನದಂಡವೇ ಹೇಳುತ್ತದೆ. 46 ಆಂಪಿಗೂ ಗಂಟೆಯ ತನಕ ಅವಕಾಶವಿದೆ. ಅಷ್ಟರಲ್ಲಿ 20ರ ತಂತಿಯ ಪಿವಿಸಿ ಹೊದಿಕೆ ಗೋಡೆಯೊಳಗೇ ಬೇಯುತ್ತದೆ. ಸ್ವಿಚ್‌ಬೋರ್ಡ್ ಮುಟ್ಟಿದರೆ ಬಿಸಿ, ಸಾಕೆಟ್ಟಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದರ ಗುರುತುಗಳು. ಅಡುಗೆಮನೆಗೆ ಬೇರೆ ಲೈನು ಎಳೆಯುವುದೊಂದೇ ಇದಕ್ಕಿರುವ ನ್ಯಾಯವಾದ ಪರಿಹಾರ.

ಆರ್‌ಸಿಸಿಬಿಗೂ ಇಂಥದೇ ಗತಿ ಬರುತ್ತದೆ, ಹೆಚ್ಚಾಗಿ ಯುಪಿಎಸ್ ಬಂದ ಮೇಲೆ. ಯುಪಿಎಸ್‌ನಿಂದ ಫೇಸ್ ಒಂದನ್ನೇ ಎಳೆದು ನ್ಯೂಟ್ರಲ್ಲನ್ನು ಹಳೆಯ ಲೈನಿಗೇ ಸೇರಿಸಿಬಿಡುತ್ತಾರೆ. ಕರೆಂಟು ಹೋದ ದಾರಿ ಒಂದು, ಮರಳುವ ದಾರಿ ಇನ್ನೊಂದು. ತಾಳೆ ತಪ್ಪಿ ಆರ್‌ಸಿಸಿಬಿ ಬೀಳುತ್ತದೆ. ಅದನ್ನು ಬೈಪಾಸ್ ಮಾಡಿದರೆ ಮನೆ ಬೆಳಗುತ್ತದೆ, ದೂರೂ ನಿಲ್ಲುತ್ತದೆ. ಸರಿಯಾದ ಕೆಲಸವೆಂದರೆ ಮೇನನ್ನೂ ಯುಪಿಎಸ್ಸನ್ನೂ ಆಫ್ ಮಾಡಿ, ಡಿಬಿ ಬಾಕ್ಸಿನಲ್ಲಿ ಪ್ರತಿ ಲೈನಿನ ಫೇಸನ್ನೂ ನ್ಯೂಟ್ರಲ್ಲನ್ನೂ ಬಿಚ್ಚಿ, ಒಂದೊಂದೇ ಜೋಡಿಯನ್ನು ಮರಳಿ ಕೊಡುತ್ತ ಯಾವುದರಲ್ಲಿ ಬೀಳುತ್ತದೆಂದು ನೋಡುವುದು. ಬಿದ್ದ ಜೋಡಿಯ ನ್ಯೂಟ್ರಲ್ ಎಲ್ಲೋ ಯುಪಿಎಸ್ ಲೈನಿನ ಜೊತೆ ಬೆರೆತಿರುತ್ತದೆ, ಇಲ್ಲವೇ ಯಾವುದೋ ಸಾಕೆಟ್ಟಿನ ಹಿಂದೆ ಅರ್ಥ್ ತಂತಿಗೆ ತಾಗಿರುತ್ತದೆ. ಅರ್ಧ ದಿನದ ಕೆಲಸ. ಅದಕ್ಕೆ ಕೂಲಿ ಕೇಳಿದರೆ ಚೌಕಾಸಿ ಮಾಡಬೇಡಿ.