ಅರ್ಧ ತೂಕ, ಇಮ್ಮಡಿ ಬಲ?

ಜಾತ್ರೆಯ ಬಲೂನು ಮಂಗಳೂರಿಗಿಂತ ಬೆಂಗಳೂರಿನಲ್ಲಿ ಏಕೆ ಸೋಮಾರಿ ಎಂದು ಈ ವಾರ ಬರೆಯುವುದಾಗಿ ಅಂಕಣಕಾರರು ಮಾತು ಕೊಟ್ಟಿದ್ದರು. ಕೂತು ನೋಡಿದರೆ ಅದು ನಾಲ್ಕೇ ಸಾಲಿನ ಸಂಗತಿ. ಕಡಲ ಮಟ್ಟದ 30 ಡಿಗ್ರಿ ಸೆಖೆಯಲ್ಲಿ ಒಂದು ಲೀಟರ್ ಹೀಲಿಯಂ ಸುಮಾರು ಒಂದು ಗ್ರಾಂ ಎತ್ತುತ್ತದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯೇ ತೆಳು, ಹಾಗಾಗಿ ಅದೇ ಸೆಖೆಯಲ್ಲಿ ಸುಮಾರು 0.9 ಗ್ರಾಂ. ಹನ್ನೊಂದೂವರೆ ಲೀಟರ್ ಹಿಡಿಯುವ ಬಲೂನಿನಲ್ಲಿ ರಬ್ಬರಿನ ಮೂರು ಗ್ರಾಂ ಕಳೆದರೆ ಮಂಗಳೂರಿನಲ್ಲಿ ಎಂಟೂವರೆ, ಇಲ್ಲಿ ಸುಮಾರು ಏಳೂವರೆ ಗ್ರಾಂ ಉಳಿಯುತ್ತದೆ. ಮುಗಿಯಿತು.

ಅದಕ್ಕಿಂತ ಹಳೆಯ ಜಗಳವೊಂದು ಬಾಕಿಯಿದೆ. ಜಲಜನಕ ಹೀಲಿಯಂನ ಅರ್ಧ ತೂಕದ್ದು, ಆದ್ದರಿಂದ ಎರಡು ಪಟ್ಟು ಎತ್ತುತ್ತದೆ ಎನ್ನುವವರ ಪಂಥ ಇನ್ನೂ ಉಸಿರಾಡುತ್ತಿದೆ. ಅನಿಲ ಏನನ್ನೂ ಎತ್ತುವುದಿಲ್ಲ. ಅದು ಜಾಗ ಹಿಡಿಯುತ್ತದೆ, ಎತ್ತುವುದು ಸುತ್ತಲಿನ ಗಾಳಿ. ಶೂನ್ಯ ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ 1.293 ಕಿಲೋ. ಅದರಲ್ಲಿ ಹೀಲಿಯಂನ 0.179 ಕಳೆದರೆ 1.114, ಜಲಜನಕದ 0.090 ಕಳೆದರೆ 1.203. ಅಂತರ ಶೇಕಡ ಎಂಟು, ಅಷ್ಟೇ.

ಆದರೂ ಆ ಎಂಟನ್ನು ತಾತ್ಸಾರ ಮಾಡುವವರ ಜೊತೆಗೂ ಅಂಕಣಕಾರರು ನಿಲ್ಲಲಾರರು. ಜರ್ಮನಿಯ ‘ಹಿಂಡೆನ್‌ಬರ್ಗ್’ ವಾಯುನೌಕೆಯ ಅನಿಲಕೋಶಗಳು ಸುಮಾರು ಎರಡು ಲಕ್ಷ ಘನಮೀಟರ್. ಪೂರ್ತಿ ತುಂಬಿದರೆ ಜಲಜನಕದಿಂದ 240 ಟನ್, ಹೀಲಿಯಂನಿಂದ 223 ಟನ್. ಬರಿಯ ನೌಕೆಯೇ ಸುಮಾರು 118 ಟನ್ ತೂಗುತ್ತಿತ್ತು. ಅದರ ತೂಕ ಅನಿಲ ಬದಲಾದ ಮಾತ್ರಕ್ಕೆ ಇಳಿಯದು. ಇಂಧನ, ನೀರು, ಸಿಬ್ಬಂದಿ, ಪ್ರಯಾಣಿಕರಿಗೆಂದು ಉಳಿಯುವುದು 122 ಟನ್ನಿನ ಬದಲು 105. ಎಂಟರ ಅಂತರ ಇಲ್ಲಿ ಹದಿನಾರಾಯಿತು. ನೌಕೆ ಚಿಕ್ಕದಾದಷ್ಟೂ, ಚೌಕಟ್ಟು ಭಾರವಾದಷ್ಟೂ ಈ ಪೆಟ್ಟು ಜೋರು.

ಹಿಂಡೆನ್‌ಬರ್ಗಿನ ಯೋಜನೆ ಹೀಲಿಯಂಗೆಂದೇ ಶುರುವಾಗಿತ್ತು. ಆ ಅನಿಲ ಅಮೆರಿಕದ ಕೈಯಲ್ಲಿತ್ತು, ಅಮೆರಿಕ ಕೊಡಲಿಲ್ಲ. ಜಲಜನಕ ತುಂಬಿದ ಮೇಲೆ ಎತ್ತುವ ಬಲ ಮಿಕ್ಕಿತು. 1936–37ರ ಚಳಿಗಾಲದಲ್ಲಿ ಹೊಸ ಕೋಣೆಗಳನ್ನು ಸೇರಿಸಿ, 50 ಇದ್ದ ಮಲಗುವ ಜಾಗವನ್ನು 72ಕ್ಕೆ ಏರಿಸಿದರು. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ನೌಕೆ ಉರಿದು 36 ಜನ ಸತ್ತರು.

ಹೀಲಿಯಂ ಇದ್ದವರಿಗೂ ಬೇರೆ ತಲೆನೋವು. ಎಂಜಿನ್ ಇಂಧನ ಸುಟ್ಟಂತೆ ನೌಕೆ ಹಗುರವಾಗಿ ಮೇಲೇರತೊಡಗುತ್ತದೆ. ಅದನ್ನು ತಡೆಯಲು ಅನಿಲ ಬಿಡಬೇಕು. ಅಗ್ಗದ ಜಲಜನಕವನ್ನಾದರೆ ಬಿಡಬಹುದು, ದುಬಾರಿ ಹೀಲಿಯಂ ಬಿಡಲು ಯಾರಿಗೆ ಮನಸ್ಸು ಬಂದೀತು? 1931ರ ಅಮೆರಿಕದ ‘ಆಕ್ರಾನ್’ ನೌಕೆಯಲ್ಲಿ ಇದಕ್ಕೊಂದು ಉಪಾಯವಿತ್ತು. ಎಂಜಿನ್ನಿನ ಹೊಗೆಯನ್ನು ತಣಿಸಿ, ಅದರಲ್ಲಿದ್ದ ಆವಿಯನ್ನು ನೀರಾಗಿಸಿ, ಸುಟ್ಟ ಇಂಧನದ ತೂಕಕ್ಕೆ ಬದಲಾಗಿ ನೌಕೆಯಲ್ಲೇ ತುಂಬಿಟ್ಟುಕೊಳ್ಳುತ್ತಿದ್ದರು. ನೌಕೆಯ ಪಕ್ಕೆಯುದ್ದಕ್ಕೂ ಎಂಜಿನ್ನುಗಳ ಮೇಲೆ ಕಾಣುತ್ತಿದ್ದ ಕಪ್ಪು ಪಟ್ಟಿಗಳು ಆ ತಣಿಸುವ ತಟ್ಟೆಗಳೇ.