ಎರಡನೇ ವರ್ಷದ ಲೆಕ್ಕ

ನಿಪ್ಪಾಣಿ ಹತ್ತಿರದ ಅಕ್ಕೋಳದವನು ನನ್ನ ಗೆಳೆಯ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರಿಗೆ ತಿಂಗಳಿಗೊಮ್ಮೆ ರಾತ್ರಿ ಬಸ್. ಹೋದ ತಿಂಗಳು ಫೋನ್ ಮಾಡಿ, "ದೋಸ್ತ, ನನ್ನ ಕಾರ್ಡಿನ್ಯಾಗ 2,400 ಪಾಯಿಂಟ್ ಆಗ್ಯಾವ. ಫುಕ್ಕಟ್ ರೊಕ್ಕ ನೋಡಪಾ" ಅಂದ. ಅದೇ ವಾರದ ಬಿಲ್ಲಿನಲ್ಲಿ 2,950 ರೂಪಾಯಿ ವಾರ್ಷಿಕ ಶುಲ್ಕವೂ ಬಂದಿತ್ತು. ಅದರ ಬಗ್ಗೆ ಅವನು ಮಾತೇ ಎತ್ತಲಿಲ್ಲ.

ಅವನ ಕಾರ್ಡು ಎಚ್‌ಡಿಎಫ್‌ಸಿಯ ರೆಗಾಲಿಯಾ ಗೋಲ್ಡ್. ಒಳ್ಳೆಯ ಕಾರ್ಡೇ, ಅದರಲ್ಲಿ ಮೋಸ ಏನಿಲ್ಲ. ಶುಲ್ಕ 2,500, ಮೇಲೆ 18% ಜಿಎಸ್‌ಟಿ. ಅವನು ತಗೊಂಡಾಗಿನ ಶರತ್ತಿನ ಪ್ರಕಾರ ಪ್ರತಿ 150 ರೂಪಾಯಿ ಖರ್ಚಿಗೆ 4 ಪಾಯಿಂಟ್. ಮೊದಲ ವರ್ಷ ಶುಲ್ಕ ಕಟ್ಟಿದ್ದಕ್ಕೆ 2,500 ರೂಪಾಯಿಯ ವೋಚರ್ ಕೊಟ್ಟರು, ಹೆಚ್ಚುಕಮ್ಮಿ ಸರಿಹೋಯಿತು. ಆದ್ದರಿಂದ ಮೊದಲ ವರ್ಷ ನೋಡಿ ಕಾರ್ಡನ್ನು ಹೊಗಳುವುದೂ ತೆಗಳುವುದೂ ಎರಡೂ ತಪ್ಪು. ಕಾರ್ಡಿನ ನಿಜವಾದ ಮುಖ ಕಾಣುವುದು ಎರಡನೇ ವರ್ಷ, ಆ ವೋಚರ್ ಇಲ್ಲದಾಗ.

ಮೊದಲು, ಒಂದು ಪಾಯಿಂಟ್ ಅಂದರೆ ಎಷ್ಟು ಪೈಸೆ? ಇದಕ್ಕೆ ಒಂದೇ ಉತ್ತರ ಇಲ್ಲ, ಗೋಂದಲ ಶುರುವಾಗುವುದೇ ಇಲ್ಲಿ. ಇದೇ ಕಾರ್ಡಿನಲ್ಲಿ ಪಾಯಿಂಟನ್ನು ಬಿಲ್ಲಿಗೆ ನಗದಾಗಿ ಹಾಕಿಸಿಕೊಂಡರೆ 20 ಪೈಸೆ. ಬ್ಯಾಂಕಿನ ಪೋರ್ಟಲ್‌ನಲ್ಲಿ ವಿಮಾನ, ಹೋಟೆಲ್ ಬುಕ್ ಮಾಡಿದರೆ 50 ಪೈಸೆ. ಅವರ ಗೋಲ್ಡ್ ಕ್ಯಾಟಲಾಗ್‌ನಲ್ಲಿ ಸಾಮಾನು, ವೋಚರ್ ತಗೊಂಡರೆ 65 ಪೈಸೆ. ಅಂದರೆ ಗೆಳೆಯನ 2,400 ಪಾಯಿಂಟ್ ನಗದಾದರೆ 480 ರೂಪಾಯಿ, ವಿಮಾನವಾದರೆ 1,200, ಕ್ಯಾಟಲಾಗ್ ಆದರೆ 1,560. ಅದೇ ಪಾಯಿಂಟ್, ಮೂರು ಬೆಲೆ. ಜಾಹೀರಾತು ಯಾವಾಗಲೂ ಮೇಲಿನ ಬೆಲೆಯಲ್ಲೇ ಮಾತಾಡುತ್ತದೆ. ನಾವು ಮಾತ್ರ ನಾವು ನಿಜವಾಗಿ ಬಳಸುವ ದಾರಿಯ ಬೆಲೆ ಹಿಡಿಯಬೇಕು. ರಾತ್ರಿ ಬಸ್ಸಿನಲ್ಲಿ ನಿಪ್ಪಾಣಿಗೆ ಇಳಿಯುವವನಿಗೆ ವಿಮಾನದ 50 ಪೈಸೆ ಯಾಕೆ? ಅದರಲ್ಲೂ ಟಿಕೇಟಿನ ಅರ್ಧದಷ್ಟನ್ನು ಮಾತ್ರ ಪಾಯಿಂಟಿನಿಂದ ಕಟ್ಟಬಹುದು, ಉಳಿದರ್ಧ ಕೈಯಿಂದಲೇ. ಏರ್‌ಪೋರ್ಟ್ ಲೌಂಜೂ ಹಾಗೇ. ಬ್ರೋಷರಿನಲ್ಲಿ ಅದಕ್ಕೆ ಸಾವಿರಗಟ್ಟಲೆ ಬೆಲೆ ಕಟ್ಟಿರುತ್ತಾರೆ. ದುಡ್ಡು ಕೊಟ್ಟು ಎಂದೂ ಹೋಗದ ಜಾಗಕ್ಕೆ ನನ್ನ ಲೆಕ್ಕದಲ್ಲಿ ಸೊನ್ನೆ.

ಮೂರರಲ್ಲಿ ಅತಿ ಒಳ್ಳೆಯ ಬೆಲೆ ಹಿಡಿದರೂ ಗೆಳೆಯನಿಗೆ 1,390 ರೂಪಾಯಿ ಲುಕ್ಸಾನು. ನಗದು ಹಿಡಿದರೆ 2,470.

"ಅಲ್ಲೋ, ತಿಂಗಳಿಗೆ ನಲವತ್ತೊಂದು ಸಾವಿರ ಖರ್ಚು ಮಾಡ್ತೀನಿ, ಪಾಯಿಂಟ್ ಇಷ್ಟs ಹ್ಯಾಂಗಾತು?" ಅಂತ ಅವನಿಗೆ ಸಿಟ್ಟು. ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದೆವು. ಬಾಡಿಗೆ 14,000, ಮಾಲೀಕರ ಖಾತೆಗೆ ನೇರ. ಊರಿಗೆ ಅಪ್ಪನಿಗೆ 8,000, ಅದೂ ಖಾತೆಗೆ. ಚಹಾ, ತರಕಾರಿ, ಆಟೋ, ಕಿರಾಣಿ 7,000, ಎಲ್ಲ ಯುಪಿಐ. ಯುಪಿಐಗೆ ರುಪೇ ಕ್ರೆಡಿಟ್ ಕಾರ್ಡನ್ನು ಮಾತ್ರ ಜೋಡಿಸಬಹುದು, ಇವನದು ರುಪೇ ಅಲ್ಲ. ಪೆಟ್ರೋಲ್ 3,000. ಅದನ್ನು ಕಾರ್ಡಿನಲ್ಲೇ ಹಾಕಿಸುತ್ತಾನೆ, ಸರ್‌ಚಾರ್ಜ್ ಮಾಫಿ ಸಿಗುತ್ತದೆ, ಆದರೆ ಇಂಧನಕ್ಕೆ ಪಾಯಿಂಟ್ ಇಲ್ಲ. ಉಳಿದಿದ್ದು 9,000: ಆನ್‌ಲೈನ್ ದಿನಸಿ, ಮೊಬೈಲ್ ಬಿಲ್, ಬಟ್ಟೆ, ಬಸ್ ಟಿಕೇಟು. 41,000ದಲ್ಲಿ ಪಾಯಿಂಟ್ ಹುಟ್ಟಿಸುವುದು 9,000 ಮಾತ್ರ. ನಮ್ಮಂಥವರ ಲೆಕ್ಕ ತಪ್ಪುವುದು ಇಲ್ಲೇ. ಸಂಬಳ ನೋಡಿ ಕಾರ್ಡು ತಗೊಳ್ತೀವಿ, ಪಾಯಿಂಟ್ ಬರೋದು ಸ್ವೈಪ್ ಆದ ಹಣಕ್ಕೆ.

ಆ 9,000ಕ್ಕೂ ಲೆಕ್ಕದ ಪ್ರಕಾರ ತಿಂಗಳಿಗೆ 240 ಪಾಯಿಂಟ್ ಬರಬೇಕು, ವರ್ಷಕ್ಕೆ 2,880. ಅವನಿಗೆ ಬಂದದ್ದು 2,400. ಉಳಿದ 480 ಎಲ್ಲಿ ಹೋದವು? ಪಾಯಿಂಟ್ ಎಣಿಸುವುದು ತಿಂಗಳ ಮೊತ್ತಕ್ಕಲ್ಲ, ಪ್ರತಿ ಖರೀದಿಗೆ. 140 ರೂಪಾಯಿಯ ಊಟ ತರಿಸಿದರೆ ಸೊನ್ನೆ. 290 ರೂಪಾಯಿಗೆ ನಾಲ್ಕೇ, ಎಂಟಲ್ಲ. ಚಿಲ್ಲರೆ ಆರ್ಡರ್ ಹೆಚ್ಚಿದ್ದಷ್ಟೂ ಹೀಗೆ ಸೋರಿಹೋಗುತ್ತದೆ. ನಿಮ್ಮ ಕಾರ್ಡಿನಲ್ಲೂ ಎಷ್ಟು ಸೋರುತ್ತಿದೆ ಅಂತ ತಿಳಿಯಲು ವರ್ಷದ ಪಾಯಿಂಟನ್ನು ವರ್ಷದ ಖರ್ಚಿಗೆ ಭಾಗಿಸಿ ನೋಡಿ, ಬ್ರೋಷರಿನ ದರಕ್ಕೆ ಹೋಲಿಸಿ.

ಹಾಗಾದರೆ ಎಷ್ಟು ಖರ್ಚು ಮಾಡಿದರೆ ಶುಲ್ಕ ವಸೂಲಿ? 50 ಪೈಸೆ ಹಿಡಿದರೆ 150 ರೂಪಾಯಿಗೆ 2 ರೂಪಾಯಿ, ಅಂದರೆ 1.33%. 2,950 ದುಡಿಯಲು ಸುಮಾರು 2,21,000 ರೂಪಾಯಿಯ ಖರ್ಚು ಬೇಕು. ಗೆಳೆಯನದು 1,08,000. ವರ್ಷಕ್ಕೆ 4 ಲಕ್ಷ ಮುಟ್ಟಿದರೆ ಶುಲ್ಕವೇ ಮಾಫಿ. ಹಾಗಾಗಿ ಈ ಕಾರ್ಡು ಚೆನ್ನಾಗಿ ಕೆಲಸ ಮಾಡುವುದು 4 ಲಕ್ಷ ದಾಟುವವರಿಗೆ. ವಿಮಾನದಲ್ಲಿ ಓಡಾಡುತ್ತ 2.2 ಲಕ್ಷ ದಾಟುವವರಿಗೆ ಒಂಚೂರು ಲಾಭ. ಅದರ ಕೆಳಗಿದ್ದವರು ಮೇಲಿನವರ ಲೌಂಜಿನ ಊಟಕ್ಕೆ ಪಟ್ಟಿ ಕೊಟ್ಟ ಹಾಗೆ.

ಶುಲ್ಕ ವಸೂಲಾದರೆ ಸಾಕೇ ಅನ್ನುವ ಪ್ರಶ್ನೆ ಇನ್ನೂ ಇದೆ. ಈ ಕಾರ್ಡು ಇಲ್ಲದಿದ್ದರೆ ಅದೇ ಹಣವನ್ನು ಯಾವುದರಿಂದ ಕೊಡುತ್ತಿದ್ದೆವು? ಅಮೆಜಾನ್ ಪೇ ಐಸಿಐಸಿಐ ಕಾರ್ಡಿಗೆ ವಾರ್ಷಿಕ ಶುಲ್ಕವೇ ಇಲ್ಲ, ಸಾಮಾನ್ಯ ಖರ್ಚಿಗೆ 1% ಅಮೆಜಾನ್ ಪೇ ಬ್ಯಾಲೆನ್ಸಾಗಿ ಬರುತ್ತದೆ. ಅದರ ಎದುರು ರೆಗಾಲಿಯಾ ಗೋಲ್ಡ್‌ನ ನಿಜವಾದ ಹೆಚ್ಚುಗಾರಿಕೆ 1.33 ಅಲ್ಲ, 0.33%. ಆ ಮೂರನೇ ಒಂದು ಪೈಸೆಯಿಂದ 2,950 ದುಡಿಯಲು 8.85 ಲಕ್ಷ ಖರ್ಚು ಬೇಕು, ಅಷ್ಟರೊಳಗೆ ಶುಲ್ಕವೇ ಮಾಫಿಯಾಗಿರುತ್ತದೆ! ಅಂದರೆ 4 ಲಕ್ಷ ಮುಟ್ಟದವನಿಗೆ ಬರೀ ಸಾಮಾನ್ಯ ಖರ್ಚಿನ ಪಾಯಿಂಟಿನಿಂದ, 50 ಪೈಸೆ ದರದಲ್ಲಿ, ಈ ಕಾರ್ಡು ಎಂದೂ ಫುಕ್ಕಟ್ ಕಾರ್ಡನ್ನು ಗೆಲ್ಲುವುದಿಲ್ಲ. ಗೆಲ್ಲಬೇಕಾದರೆ ಹೆಚ್ಚು ಪಾಯಿಂಟ್ ಕೊಡುವ ಬ್ರ್ಯಾಂಡುಗಳಲ್ಲಿ, ಮಿಂತ್ರಾ, ರಿಲಯನ್ಸ್ ಡಿಜಿಟಲ್‌ಗಳಲ್ಲಿ, ನೀವು ಹೇಗಿದ್ದರೂ ಖರೀದಿಸುವವರಾಗಿರಬೇಕು.

ಗೆಳೆಯ ಸೋಲೊಪ್ಪಲಿಲ್ಲ. "ಹಂಗಾದ್ರ 4 ಲಕ್ಷ ಮುಟ್ಟಿಸೋಣ. ಅಪ್ಪನ ಗೊಬ್ಬರ, ಔಷಧಾ ಎಲ್ಲಾ ಇದರಾಗs ತಗೊಂತೀನಿ" ಅಂದ. ಐಡಿಯಾ ಚೆನ್ನಾಗಿದೆ. ಆದರೆ ಊರಿನ ಕಡೆಯ ಅಂಗಡಿಯವರು ಕಾರ್ಡು ಅಂದ ಕೂಡಲೇ 2% ಮೇಲೆ ಕೇಳಿದ್ದರು. 10,000ದ ಗೊಬ್ಬರಕ್ಕೆ 200 ರೂಪಾಯಿ ಹೆಚ್ಚು. ಬರುವ ಪಾಯಿಂಟ್ 264, ಅದು 132 ರೂಪಾಯಿ. ಪ್ರತಿ ಹತ್ತು ಸಾವಿರಕ್ಕೆ 68 ರೂಪಾಯಿ ಕಳಕೊಂಡು ಶುಲ್ಕ ಮಾಫಿ ಬೆನ್ನು ಹತ್ತುವುದು. ಇನ್ನು ಬೇಡದ್ದನ್ನು ಕೊಂಡು ಗುರಿ ಮುಟ್ಟುವ ಮಾತು ಬಿಡಿ, 2,950 ಉಳಿಸಲು ಎರಡೂವರೆ ಲಕ್ಷಕ್ಕೂ ಹೆಚ್ಚು ಖರ್ಚು. ಒಂದು ತಿಂಗಳು ಬಿಲ್ ಪೂರ್ತಿ ಕಟ್ಟದೆ ಉಳಿದರಂತೂ ಖರೀದಿಸಿದ ದಿನದಿಂದಲೇ ಬಡ್ಡಿ, ತಿಂಗಳಿಗೆ ಮೂರೂವರೆ ಪರ್ಸೆಂಟಿನ ಆಸುಪಾಸು. ವರ್ಷದ ಪಾಯಿಂಟೆಲ್ಲ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತವೆ.

ಕೊನೆಗೆ ಕಾರ್ಡು ಮುಚ್ಚುವುದೆಂದು ಆಯಿತು. ಮುಚ್ಚಿದರೆ ಪಾಯಿಂಟ್ ಹೋಗುತ್ತವೆ, ಹಾಗಾಗಿ ಮೊದಲು ಕ್ಯಾಟಲಾಗ್‌ನಲ್ಲಿ ಖಾಲಿ ಮಾಡಿಸಿದೆ. ಬಾಕಿ ಇಲ್ಲದಿದ್ದರೆ ಅರ್ಜಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಮುಚ್ಚಲೇಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಅದನ್ನು ಓದಿ ಹೇಳಿದ್ದಕ್ಕೆ ಗೆಳೆಯ ಕೇಳಿದ್ದು: "ತಡಾ ಮಾಡ್ಲಿ ಅಂತ ಬೇಡ್ಕೋಬೇಕೇನಪಾ ಈಗ?"